ಹಾಲಿನ ಕ್ಯಾಲೆಂಡರ್‌ನಲ್ಲಿ ಓಟಿಟಿ ಲೆಕ್ಕ

ಶಿವಮೊಗ್ಗದಲ್ಲಿರುವ ನನ್ನ ತಂಗಿಯ ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕ ಒಂದು ಕ್ಯಾಲೆಂಡರ್ ನೇತಾಡುತ್ತದೆ. ಪ್ರತಿ ತಾರೀಖಿನ ಚೌಕದಲ್ಲೂ ಪೆನ್ಸಿಲ್‌ನಲ್ಲಿ ಬರೆದ ಸಣ್ಣ ಅಂಕಿಗಳು: ಹಾಲು ಒಂದು, ಹಾಲು ಎರಡು, ಹಾಲು ಬೇಡ. ಸಿಲಿಂಡರ್ ಹಾಕಿದ ದಿನಕ್ಕೊಂದು ಸುತ್ತು, ಚೀಟಿ ದುಡ್ಡು ಕಟ್ಟಿದ ದಿನಕ್ಕೊಂದು ಗೀಟು. ಅವಳ ಗಂಡ ಗೂಡ್ಸ್ ಆಟೋ ಓಡಿಸುತ್ತಾರೆ, ಅವಳು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಇಬ್ಬರ ಆದಾಯವೂ ಪ್ರತಿ ತಿಂಗಳು ಒಂದೇ ತೆರ ಇರುವುದಿಲ್ಲ. ಆದ್ದರಿಂದ ಆ ಮನೆಯಲ್ಲಿ ಗೊತ್ತಿಲ್ಲದೆ ಒಂದು ರೂಪಾಯಿ ಹೊರಗೆ ಹೋಗುವುದಿಲ್ಲ ಎಂದೇ ನಾನು ತಿಳಿದಿದ್ದೆ.

2025ರ ಜೂನ್‌ನಲ್ಲಿ ಅವಳ ಮನೆಗೆ ಹೋಗಿದ್ದಾಗ ಮಗನ ಕಾಲೇಜು ಫೀಸಿನ ಚಿಂತೆ ನಡೆದಿತ್ತು. ಮಾತಿನ ಮಧ್ಯೆ ಅವಳ ಫೋನಿಗೆ ಒಂದು ಮೆಸೇಜ್ ಬಂತು, 149 ರೂಪಾಯಿ ಕಟ್ ಆಗಿದೆ ಅಂತ. “ಇದು ಅವನ ನೆಟ್‌ಫ್ಲಿಕ್ಸ್ ಅಕ್ಕಾ, ಪ್ರತಿ ತಿಂಗಳೂ ಹೋಗುತ್ತೆ” ಅಂದಳು. ಬೇರೆ ಯಾವುದಕ್ಕೆ ಹೋಗುತ್ತಿದೆ ಎಂದು ಕೇಳಿದೆ. ಹಾಟ್‌ಸ್ಟಾರ್ ಇದೆ, ಅಮೆಜಾನ್ ಪ್ರೈಮ್ ಇದೆ. ಎಷ್ಟಕ್ಕೆ, ಯಾವಾಗ ಮುಗಿಯುತ್ತದೆ ಎಂಬುದು ಅವಳಿಗೂ ನೆನಪಿರಲಿಲ್ಲ, ಕ್ಯಾಲೆಂಡರ್‌ನಲ್ಲೂ ಇರಲಿಲ್ಲ. ಅವತ್ತು ರಾತ್ರಿ ಊಟವಾದ ಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು.

ಆಗಿನ ದರದಲ್ಲಿ ಪ್ರೈಮ್ ವರ್ಷಕ್ಕೆ 1499. ಹಾಟ್‌ಸ್ಟಾರ್‌ನ ಸೂಪರ್ ಪ್ಯಾಕ್ ವರ್ಷಕ್ಕೆ 899. ನೆಟ್‌ಫ್ಲಿಕ್ಸ್‌ನ ಮೊಬೈಲ್ ಪ್ಲಾನ್ ತಿಂಗಳಿಗೆ 149, ಅಂದರೆ ವರ್ಷಕ್ಕೆ 1788. ಮೂರೂ ಸೇರಿ 4186 ರೂಪಾಯಿ. ಒಂದೊಂದಾಗಿ ನೋಡುವಾಗ ಯಾವುದೂ ದೊಡ್ಡದಾಗಿ ಕಂಡಿರಲಿಲ್ಲ. ಒಟ್ಟು ಮೊತ್ತ ಬರೆದಾಗ ತಂಗಿ ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ಕೂತಳು.

ಇಂಥ ಮನೆಗೆ ಸಿಗುವ ಸಲಹೆಗಳು ಎರಡು. ಯಾವುದಾದರೂ ಒಂದನ್ನೇ ವರ್ಷಪೂರ್ತಿ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡಿ ಎನ್ನುವವರಿದ್ದಾರೆ. ಈ ತಿಂಗಳು ಒಂದು, ಮುಂದಿನ ತಿಂಗಳು ಇನ್ನೊಂದು ಎಂದು ಸರದಿ ಹಾಕಿಕೊಳ್ಳಿ ಎನ್ನುವವರೂ ಇದ್ದಾರೆ. ಎರಡರಲ್ಲಿ ಯಾವುದು ಸರಿ ಎಂದು ಹೊರಗಿನವರು ಹೇಳಲಾಗುವುದಿಲ್ಲ. ಮನೆಯಲ್ಲಿ ಯಾರು ಏನು ನೋಡುತ್ತಾರೆ, ಅದು ಕಾಯಬಲ್ಲದೋ ಇಲ್ಲವೋ ಎಂಬುದರ ಮೇಲೆ ಅದು ನಿಂತಿದೆ.

ಸಿನಿಮಾ ಕಾಯುತ್ತದೆ. ‘ಸಪ್ತ ಸಾಗರದಾಚೆ ಎಲ್ಲೋ’ ಸಿನಿಮಾದ ಮೊದಲ ಭಾಗ 2023ರ ಸೆಪ್ಟೆಂಬರ್‌ನಲ್ಲೇ ಪ್ರೈಮ್‌ಗೆ ಬಂತು. ಅದನ್ನು ಆ ವಾರವೇ ನೋಡಿದರೂ ಎರಡು ವರ್ಷ ಬಿಟ್ಟು ನೋಡಿದರೂ ಸಿನಿಮಾ ಅದೇ. ಮುಗಿದುಹೋದ ವೆಬ್ ಸೀರೀಸ್ ಕೂಡ ಹಾಗೆಯೇ. ಆದರೆ ಐಪಿಎಲ್ ಪಂದ್ಯ ಕಾಯುವುದಿಲ್ಲ, ಬಿಗ್ ಬಾಸ್ ಕಾಯುವುದಿಲ್ಲ. ಮಾರನೇ ದಿನ ಹಾಲಿನ ಬೂತಿನ ಹತ್ತಿರ ನಾಲ್ಕು ಜನ ಆ ಮಾತೇ ಆಡುತ್ತಿರುತ್ತಾರೆ, ಮೂರು ತಿಂಗಳು ಬಿಟ್ಟು ನೋಡಿದರೆ ಅದರಲ್ಲಿ ರುಚಿಯೇ ಇರುವುದಿಲ್ಲ. ದಿನದ ಧಾರಾವಾಹಿಯೂ ಕಾಯುವುದಿಲ್ಲ. ಒಂದು ತಿಂಗಳು ಬಿಟ್ಟರೆ ಇಪ್ಪತ್ತಕ್ಕೂ ಹೆಚ್ಚು ಕಂತು ಬಾಕಿ ಬೀಳುತ್ತದೆ, ಆಮೇಲೆ ಯಾರೂ ಹಿಂದೆ ಹೋಗಿ ನೋಡುವುದಿಲ್ಲ. ಕಾಯದಿರುವುದು ಯಾವ ಆ್ಯಪ್‌ನಲ್ಲಿದೆಯೋ ಅದಕ್ಕೆ ಮಾತ್ರ ವರ್ಷದ ಚಂದಾ ಯೋಚಿಸಬೇಕು. ಕಾಯುವುದೆಲ್ಲ ಸರದಿಗೆ.

ಇಷ್ಟು ಗೊತ್ತಾದ ಮೇಲೂ ಒಂದು ಭಾಗಾಕಾರ ಬಾಕಿ ಇರುತ್ತದೆ. ವರ್ಷದ ದರವನ್ನು ತಿಂಗಳ ದರದಿಂದ ಭಾಗಿಸಿದರೆ ಎಷ್ಟು ತಿಂಗಳಿಗೆ ಎರಡೂ ಸಮ ಆಗುತ್ತದೆ ಎಂದು ತಿಳಿಯುತ್ತದೆ. ಪ್ರೈಮ್‌ನ ತಿಂಗಳ ದರ 299. ಐದು ತಿಂಗಳಿಗೆ 1495 ಆಯಿತು, ವರ್ಷದ 1499ಕ್ಕೆ ನಾಲ್ಕೇ ರೂಪಾಯಿ ಕಡಿಮೆ. ಅಂದರೆ ವರ್ಷದಲ್ಲಿ ಐದು ತಿಂಗಳಿಗಿಂತ ಹೆಚ್ಚು ಪ್ರೈಮ್ ನೋಡುವ ಮನೆಗೆ ವರ್ಷದ ಪ್ಯಾಕ್ ಲಾಭ, ಎರಡು ಮೂರು ತಿಂಗಳು ನೋಡುವವರಿಗೆ ಅದು ನಷ್ಟ. ಮೂರು ತಿಂಗಳಿಗೆ 599ರ ಪ್ಯಾಕ್ ಕೂಡ ಇದೆ. ನೆಟ್‌ಫ್ಲಿಕ್ಸ್‌ಗೆ ಈ ಲೆಕ್ಕವೇ ಬೇಕಿಲ್ಲ, ಅಲ್ಲಿ ವರ್ಷದ ಪ್ಲಾನ್ ಇಲ್ಲ. ಹನ್ನೆರಡು ತಿಂಗಳು ಇಟ್ಟುಕೊಂಡವರಿಗೂ ಒಂದು ತಿಂಗಳು ತೆಗೆದುಕೊಂಡವರಿಗೂ ತಿಂಗಳ ದರ ಒಂದೇ. ಆದ್ದರಿಂದ ನೋಡದ ತಿಂಗಳಿಗೆ ನೆಟ್‌ಫ್ಲಿಕ್ಸ್ ಕಟ್ಟಿದರೆ ಅಷ್ಟೂ ದುಡ್ಡು ದಂಡ.

ಹಾಟ್‌ಸ್ಟಾರ್‌ನದು ಸ್ವಲ್ಪ ನಿಧಾನವಾಗಿ ನೋಡಬೇಕಾದ ಲೆಕ್ಕ. 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ ಮತ್ತು ಡಿಸ್ನಿ ಹಾಟ್‌ಸ್ಟಾರ್ ಎರಡೂ ಕೂಡಿ ಜಿಯೋಹಾಟ್‌ಸ್ಟಾರ್ ಆಯಿತು. 2023 ಮತ್ತು 2024ರಲ್ಲಿ ಐಪಿಎಲ್ ಜಿಯೋಸಿನಿಮಾದಲ್ಲಿ ಪುಕ್ಕಟೆ ಸಿಕ್ಕಿತ್ತು, 2025ರಲ್ಲಿ ಪೂರ್ತಿ ನೋಡಲು ಪ್ಯಾಕ್ ಬೇಕಾಯಿತು. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಎರಡರ ಧಾರಾವಾಹಿಗಳೂ ಒಂದೇ ಆ್ಯಪ್‌ಗೆ ಬಂದವು. ಶುರುವಿನಲ್ಲಿ ಅದರ ಸೂಪರ್ ಪ್ಯಾಕ್‌ಗೆ ಇಟ್ಟಿದ್ದ ದರ ಮೂರು ತಿಂಗಳಿಗೆ 299, ವರ್ಷಕ್ಕೆ 899.

ಬರೀ ಐಪಿಎಲ್ ನೋಡುವ ಮನೆ ಎಂದುಕೊಳ್ಳಿ. 2025ರಲ್ಲಿ ಅದು ಶುರುವಾದದ್ದು ಮಾರ್ಚ್ 22ಕ್ಕೆ. ನಡುವೆ ಒಂದು ವಾರ ನಿಂತರೂ ಜೂನ್ 3ಕ್ಕೆ ಮುಗಿಯಿತು, ಅವತ್ತು ನಮ್ಮ ಆರ್‌ಸಿಬಿ ಹದಿನೆಂಟನೇ ಸೀಸನ್‌ನಲ್ಲಿ ಮೊದಲ ಸಲ ಕಪ್ ಎತ್ತಿತು. ಮೊದಲ ದಿನ ಮೂರು ತಿಂಗಳ ಪ್ಯಾಕ್ ಹಾಕಿಸಿದವರಿಗೆ 299ರಲ್ಲಿ ಇಡೀ ಐಪಿಎಲ್ ಮುಗಿಯಿತು, ಇನ್ನೂ ಎರಡು ವಾರ ಉಳಿಯಿತು. ಐಪಿಎಲ್ ಜೊತೆಗೆ ಬಿಗ್ ಬಾಸ್ ಕೂಡ ಬೇಕು ಎನ್ನುವ ಮನೆಯ ಕಥೆ ಬೇರೆ. ಕನ್ನಡದ ಬಿಗ್ ಬಾಸ್ ಸೆಪ್ಟೆಂಬರ್ ಕೊನೆಗೆ ಶುರುವಾದರೆ ಜನವರಿಯಲ್ಲಿ ಮುಗಿಯುತ್ತದೆ, ಹತ್ತಿರ ಹತ್ತಿರ ನಾಲ್ಕು ತಿಂಗಳು. ಮೂರು ತಿಂಗಳ ಪ್ಯಾಕ್ ಡಿಸೆಂಬರ್ ಕೊನೆಗೆ ಮುಗಿದುಹೋಗುತ್ತದೆ. ಆಟ ಕಾವೇರಿರುವ ಕೊನೆಯ ಮೂರು ನಾಲ್ಕು ವಾರಕ್ಕೆಂದೇ ಆ ದರದಲ್ಲಿ ಮತ್ತೊಂದು 299 ಕೊಡಬೇಕಿತ್ತು. ಐಪಿಎಲ್‌ಗೆ ಒಂದು, ಬಿಗ್ ಬಾಸ್‌ಗೆ ಎರಡು, ಒಟ್ಟು 897. ವರ್ಷದ ಪ್ಯಾಕ್‌ಗಿಂತ ಎರಡು ರೂಪಾಯಿ ಕಡಿಮೆ, ಅಷ್ಟೆ! ಇಂಥ ಕಡೆ ಸರದಿ ಹಾಕಲು ಹೋಗುವುದು ಬರೀ ತಲೆನೋವು, ವರ್ಷದ್ದನ್ನೇ ಹಾಕಿಸುವುದು ಒಳ್ಳೆಯದು.

ತಂಗಿಯ ಮನೆಯಲ್ಲಿ ಫೈಬರ್ ಇಂಟರ್ನೆಟ್ ಬಂದಾಗಲೇ ಕೇಬಲ್ ತೆಗೆಸಿದ್ದರು. ಅವಳ ಅತ್ತೆ ಸಂಜೆ ದೀಪ ಹಚ್ಚಿದ ಮೇಲೆ ನೋಡುವ ಎರಡು ಧಾರಾವಾಹಿಯೂ ಹಾಟ್‌ಸ್ಟಾರ್‌ನಲ್ಲೇ ಬರುತ್ತವೆ, ವರ್ಷದ ಹನ್ನೆರಡೂ ತಿಂಗಳು. ಮೂರು ತಿಂಗಳಂತೆ ನಾಲ್ಕು ಸಲ ಹಾಕಿಸಿದರೆ 1196, ವರ್ಷಕ್ಕೆ ಒಮ್ಮೆಗೇ ಹಾಕಿಸಿದರೆ 899. ಇದರಲ್ಲಿ ಯೋಚಿಸಲು ಏನೂ ಇರಲಿಲ್ಲ. ಎಪ್ಪತ್ತು ದಾಟಿದ ಆ ಹೆಂಗಸಿಗೆ ದಿನದಲ್ಲಿ ತನ್ನದೆಂದು ಇರುವುದು ಆ ಒಂದು ಗಂಟೆ. ಉಳಿತಾಯದ ಹೆಸರಲ್ಲಿ ಅದಕ್ಕೆ ಕೈ ಹಾಕಬಾರದು ಎಂದು ನಾನೂ ಹೇಳಿದೆ.

ಕೇಬಲ್ ಇನ್ನೂ ಇರುವ ಮನೆಯವರು ಇಲ್ಲೊಂದು ಕ್ಷಣ ನಿಲ್ಲಬೇಕು. ಅದೇ ಧಾರಾವಾಹಿ, ಅದೇ ಬಿಗ್ ಬಾಸ್ ಟಿವಿಯಲ್ಲಿ ಬರುತ್ತಿರುತ್ತದೆ, ಅದಕ್ಕೆ ತಿಂಗಳ ಬಿಲ್ ಆಗಲೇ ಕಟ್ಟಿರುತ್ತೀರಿ. ತಪ್ಪಿಹೋದ ಒಂದೆರಡು ಕಂತಿಗಾಗಿ ಆ್ಯಪ್‌ಗೂ ವರ್ಷದ ದುಡ್ಡು ಕೊಡುವುದು ಒಂದೇ ಸಾಮಾನಿಗೆ ಎರಡು ಅಂಗಡಿಯಲ್ಲಿ ದುಡ್ಡು ಕೊಟ್ಟ ಹಾಗೆ. ಮೊಬೈಲ್ ರೀಚಾರ್ಜ್ ಕೂಡ ನೋಡಿಕೊಳ್ಳಿ. ಕೆಲವು ಪ್ಯಾಕ್‌ಗಳಲ್ಲಿ ಯಾವುದೋ ಒಂದು ಓಟಿಟಿ ಸೇರಿಯೇ ಬಂದಿರುತ್ತದೆ. ಅದು ಸಾಮಾನ್ಯವಾಗಿ ಫೋನಿನಲ್ಲಿ ಮಾತ್ರ ಓಡುವ ಪ್ಲಾನ್ ಆಗಿರುತ್ತದೆ, ಟಿವಿಗೆ ಬರುವುದಿಲ್ಲ. ಒಬ್ಬರೇ ಇಯರ್‌ಫೋನ್ ಹಾಕಿಕೊಂಡು ನೋಡುವವರಿಗೆ ಅಷ್ಟು ಸಾಕು.

ಉಳಿದ ಎರಡರ ಬಗ್ಗೆ ಊಹೆ ಬೇಡ, ಇತಿಹಾಸವನ್ನೇ ತೆಗೆದು ನೋಡೋಣ ಅಂದೆ. ನೆಟ್‌ಫ್ಲಿಕ್ಸ್‌ನ ಅಕೌಂಟ್‌ನಲ್ಲಿ ಯಾವ ತಾರೀಖು ಏನು ನೋಡಿದ್ದೀರಿ ಎಂಬ ಪಟ್ಟಿ ಇರುತ್ತದೆ, ಪ್ರೈಮ್‌ನಲ್ಲೂ ಇದೆ. ತಂಗಿ ಒಂದೊಂದೇ ತಿಂಗಳು ಓದುತ್ತಾ ಹೋದಳು, ನಾನು ಬರೆದುಕೊಂಡೆ. ಮಗ ನೆಟ್‌ಫ್ಲಿಕ್ಸ್ ನಿಜವಾಗಿ ನೋಡಿದ್ದು ಹನ್ನೆರಡು ತಿಂಗಳಲ್ಲಿ ನಾಲ್ಕೇ ತಿಂಗಳು, ಅದೂ ಹೆಚ್ಚಾಗಿ ದಸರಾ ರಜೆ ಮತ್ತು ಬೇಸಿಗೆ ರಜೆಯಲ್ಲಿ. ಪರೀಕ್ಷೆಯ ಜನವರಿ, ಫೆಬ್ರವರಿ, ಮಾರ್ಚ್ ಪೂರಾ ಖಾಲಿ. ಆ ಖಾಲಿ ತಿಂಗಳುಗಳಲ್ಲೂ 149 ಹೋಗಿತ್ತು. ಪ್ರೈಮ್‌ನಲ್ಲಿ ಇಡೀ ವರ್ಷಕ್ಕೆ ಒಂಬತ್ತು ಸಿನಿಮಾ. ಡೆಲಿವರಿ ಫ್ರೀ ಆಗುತ್ತದಲ್ಲ ಎಂದು ತಂಗಿಯ ಗಂಡ ಕೇಳಿದರು. ನ್ಯಾಯವಾದ ಪ್ರಶ್ನೆ. ಆರ್ಡರ್‌ಗಳನ್ನು ಎಣಿಸಿದರೆ ವರ್ಷಕ್ಕೆ ಏಳು. ಅಷ್ಟಕ್ಕೆಲ್ಲ ಡೆಲಿವರಿ ದುಡ್ಡು ಕೊಟ್ಟಿದ್ದರೂ 1499ರ ಹತ್ತಿರಕ್ಕೂ ಬರುತ್ತಿರಲಿಲ್ಲ. ತಿಂಗಳಿಗೆ ನಾಲ್ಕೈದು ಸಲ ಸಾಮಾನು ತರಿಸುವ ಮನೆಗೆ ಲೆಕ್ಕ ಉಲ್ಟಾ ಆಗಬಹುದು, ಅಂಥವರು ಅದನ್ನು ಎಣಿಸಿಯೇ ತೀರ್ಮಾನಿಸಬೇಕು.

ವರ್ಷಕ್ಕೆ 1800 ರೂಪಾಯಿ ದಾಟಬಾರದು ಎಂದು ತಂಗಿ ಗೆರೆ ಎಳೆದಳು, ತಿಂಗಳಿಗೆ 150. ಹಾಟ್‌ಸ್ಟಾರ್ 899 ಹೋದರೆ ಉಳಿಯುವುದು 901. ಇದರಲ್ಲಿ ನೆಟ್‌ಫ್ಲಿಕ್ಸ್ ಎರಡು ತಿಂಗಳು, ದಸರಾಕ್ಕೊಂದು, ಬೇಸಿಗೆಗೊಂದು. ಇಲ್ಲೊಂದು ಬದಲಾವಣೆ ಮಾಡಿದೆವು. ಮೊಬೈಲ್ ಪ್ಲಾನ್ ಬದಲು 199ರ ಬೇಸಿಕ್. ಬರೀ ಐವತ್ತು ರೂಪಾಯಿ ಹೆಚ್ಚಿಗೆ ಕೊಟ್ಟರೆ ಅದು ಟಿವಿಯಲ್ಲೂ ಬರುತ್ತದೆ, ಒಂದು ಸಲಕ್ಕೆ ಒಂದು ಪರದೆ. ಮಗ ಒಬ್ಬನೇ ಕೋಣೆಯಲ್ಲಿ ನೋಡುತ್ತಿದ್ದದ್ದನ್ನು ಈಗ ಎಲ್ಲರೂ ನೋಡಬಹುದು. ಎರಡು ತಿಂಗಳಿಗೆ 398 ಆಯಿತು. ಪ್ರೈಮ್ ಒಂದು ತಿಂಗಳು, 299. ಒಟ್ಟು 1596. ಮಿಕ್ಕ 204 ರೂಪಾಯಿಯನ್ನು ಯಾವುದಕ್ಕೂ ಹಂಚದೆ ಹಾಗೇ ಬಿಟ್ಟೆವು. ಯಾಕೆಂದರೆ ಕನ್ನಡ ಸಿನಿಮಾ ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಹೇಳಲಾಗುವುದಿಲ್ಲ.

ಕನ್ನಡಿಗರಿಗೆ ಸರದಿ ಹೊಂದುವುದಕ್ಕೆ ನಿಜವಾದ ಕಾರಣವೂ ಇದೇ. ‘ಸಪ್ತ ಸಾಗರದಾಚೆ ಎಲ್ಲೋ’ ಪ್ರೈಮ್‌ನಲ್ಲಿ, ‘ಕಾಟೇರ’ ಝೀ5ನಲ್ಲಿ, ‘ಸು ಫ್ರಮ್ ಸೋ’ ಜಿಯೋಹಾಟ್‌ಸ್ಟಾರ್‌ನಲ್ಲಿ. ನೆಟ್‌ಫ್ಲಿಕ್ಸ್‌ನಲ್ಲಿ ಕನ್ನಡದ್ದು ಮೊದಲಿನಿಂದಲೂ ಕಡಿಮೆ. ಒಂದೇ ಆ್ಯಪ್ ಹಿಡಿದು ಕೂತವರಿಗೆ ಕನ್ನಡ ಸಿನಿಮಾ ಅರ್ಧವೂ ಸಿಗುವುದಿಲ್ಲ, ಎಲ್ಲವನ್ನೂ ಇಟ್ಟುಕೊಳ್ಳಲು ದುಡ್ಡಿಲ್ಲ. ಹಾಗಾಗಿ ಸಿನಿಮಾಗಳನ್ನು ಒಟ್ಟುಹಾಕಿ, ಒಂದು ಕಡೆ ನಾಲ್ಕಾರು ಸೇರಿದ ಮೇಲೆ ಅಲ್ಲಿಗೆ ಒಂದು ತಿಂಗಳು ಹೋಗಿ ನೋಡಿ ಬರುವುದು ಕಟ್ಟುನಿಟ್ಟಿನ ಮನೆಗೆ ಸರಿಯಾದ ದಾರಿ ಎಂದು ನನಗೆ ಅನ್ನಿಸುತ್ತದೆ. ನೋಡಬೇಕಾದದ್ದು ಒಂದೇ ಸಿನಿಮಾ ಆಗಿದ್ದರೆ ಬಾಡಿಗೆಗೆ ಸಿಗುತ್ತದೆಯೇ ನೋಡಿ. ಪ್ರೈಮ್‌ನಲ್ಲಿ ಕೆಲವು ಸಿನಿಮಾಗಳನ್ನು ಸದಸ್ಯರಲ್ಲದವರೂ ಬಾಡಿಗೆಗೆ ಪಡೆಯಬಹುದು. ಶುರು ಮಾಡಲು ಮೂವತ್ತು ದಿನ ಸಮಯವಿರುತ್ತದೆ, ಒಮ್ಮೆ ಶುರು ಮಾಡಿದರೆ ಸಾಮಾನ್ಯವಾಗಿ 48 ಗಂಟೆಯೊಳಗೆ ನೋಡಿ ಮುಗಿಸಬೇಕು.

ಸರದಿ ಕೆಡುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು, ಪಟ್ಟಿ ಇಲ್ಲದೆ ತಿಂಗಳು ಶುರು ಮಾಡುವುದು. ದುಡ್ಡು ಕಟ್ಟಿದ ಮೇಲೆ ಏನು ನೋಡೋಣ ಎಂದು ಹುಡುಕುವುದರಲ್ಲೇ ಮೊದಲ ವಾರ ಹೋಗುತ್ತದೆ, ಎರಡನೇ ವಾರ ಯಾರದೋ ಮದುವೆ, ಮೂರನೇ ವಾರ ಮಗನ ಟೆಸ್ಟ್. ಕೆಲಸ, ಅಡುಗೆ, ಓದು ಎಲ್ಲ ಮುಗಿಸಿ ತಂಗಿಯ ಮನೆಯವರು ಒಟ್ಟಿಗೆ ಕೂರುವುದು ವಾರಕ್ಕೆ ಎರಡು ರಾತ್ರಿ. ಆ ಲೆಕ್ಕದಲ್ಲಿ ಒಂದು ತಿಂಗಳಿಗೆ ಎಂಟು ಸಿನಿಮಾ. ಹಾಗಾಗಿ ಎಂಟು ಹೆಸರು ಸೇರುವವರೆಗೆ ಪ್ರೈಮ್ ಬೇಡ ಎಂದು ಅವಳೇ ನಿಯಮ ಮಾಡಿದಳು. ಕ್ಯಾಲೆಂಡರ್‌ನ ಹಿಂದಿನ ಹಾಳೆಯಲ್ಲಿ ಪಟ್ಟಿ ಬೆಳೆಯತೊಡಗಿತು, ಯಾರಿಗೆ ಯಾವ ಸಿನಿಮಾ ನೆನಪಾದರೂ ಅಲ್ಲಿ ಬರೆಯಬೇಕು. ದುಡ್ಡು ಕಟ್ಟುವ ಮುಂಚೆ ಆ ಸಿನಿಮಾಗಳು ಈಗಲೂ ಅಲ್ಲಿವೆಯೇ ಎಂದು ಹುಡುಕಿ ನೋಡಬೇಕು, ಹಕ್ಕಿನ ಅವಧಿ ಮುಗಿದರೆ ಸಿನಿಮಾ ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಹೋಗಿಬಿಡುತ್ತದೆ. ಬೇರೆ ಭಾಷೆಯದಾದರೆ ಕನ್ನಡ ಡಬ್ಬಿಂಗ್ ಇದೆಯೇ ಎಂಬುದನ್ನೂ ನೋಡಬೇಕು, ಅವಳ ಅತ್ತೆಗೆ ಸಬ್‌ಟೈಟಲ್ ಓದಲಾಗುವುದಿಲ್ಲ.

ಎರಡನೆಯದು ಆಟೋಪೇ. ಇದರಲ್ಲಿ ನಾನೇ ದುಡ್ಡು ಕಳೆದುಕೊಂಡಿದ್ದೇನೆ. ಒಂದು ಸಿನಿಮಾಗೆಂದು ಒಂದು ಆ್ಯಪ್‌ಗೆ ತಿಂಗಳ ಪ್ಯಾಕ್ ಹಾಕಿಸಿದ್ದೆ. ನೋಡಿದ ಮೇಲೆ ಆ್ಯಪ್ ತೆಗೆದುಹಾಕಿದೆ, ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಪಾಸ್‌ಬುಕ್ ಎಂಟ್ರಿ ಹಾಕಿಸುವ ಹೊತ್ತಿಗೆ ಮೂರು ತಿಂಗಳ ದುಡ್ಡು ಹೋಗಿತ್ತು. ಆ್ಯಪ್ ಅಳಿಸಿದರೆ ಫೋನಿನಿಂದ ಚಿತ್ರ ಹೋಗುತ್ತದೆ, ಬ್ಯಾಂಕಿಗೆ ನಾವು ಕೊಟ್ಟ ಒಪ್ಪಿಗೆ ಹಾಗೇ ಇರುತ್ತದೆ. ಮೊದಲ ಸಲ ಯುಪಿಐ ಪಿನ್ ಒತ್ತಿದಾಗ ನಾವು ಆ ತಿಂಗಳ ದುಡ್ಡಿನ ಜೊತೆಗೆ ಮುಂದಿನ ತಿಂಗಳುಗಳಿಗೂ ಒಪ್ಪಿಗೆ ಕೊಟ್ಟಿರುತ್ತೇವೆ. 15,000 ರೂಪಾಯಿವರೆಗಿನ ಇಂಥ ಮರುಪಾವತಿಗೆ ಮತ್ತೆ ಪಿನ್ ಕೇಳುವುದಿಲ್ಲ. ದುಡ್ಡು ಕಟ್ ಆಗುವ ಕನಿಷ್ಠ 24 ಗಂಟೆ ಮುಂಚೆ ತಿಳಿಸಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ, ಹಾಗೆ ಮೆಸೇಜ್ ನನಗೂ ಬಂದಿತ್ತು. ದಿನಕ್ಕೆ ಬರುವ ಇಪ್ಪತ್ತು ಇಂಗ್ಲಿಷ್ ಮೆಸೇಜ್‌ಗಳ ನಡುವೆ ನಾನದನ್ನು ಓದಿರಲಿಲ್ಲ.

ಹಾಗಾಗಿ ತಂಗಿಗೆ ಹೇಳಿಕೊಟ್ಟದ್ದು ಇಷ್ಟು. ಪ್ಯಾಕ್ ಹಾಕಿಸಿದ ದಿನವೇ, ಸಿನಿಮಾ ಶುರು ಮಾಡುವ ಮುಂಚೆಯೇ, ಅದೇ ಆ್ಯಪ್‌ನ ಅಕೌಂಟ್‌ಗೆ ಹೋಗಿ ರದ್ದು ಮಾಡು. ನೆಟ್‌ಫ್ಲಿಕ್ಸ್‌ನಲ್ಲಿ ಹಾಗೆ ರದ್ದು ಮಾಡಿದರೂ ದುಡ್ಡು ಕೊಟ್ಟ ಅವಧಿ ಮುಗಿಯುವವರೆಗೆ ನೋಡಬಹುದು. ಪ್ರೈಮ್‌ನಲ್ಲಿ ರದ್ದು ಮಾಡುವಾಗ ಈಗಲೇ ನಿಲ್ಲಿಸಬೇಕೋ, ಅವಧಿ ಮುಗಿದ ಮೇಲೋ ಎಂದು ಪರದೆಯ ಮೇಲೆ ಬರುವುದನ್ನು ಓದಿ ಒತ್ತು. ಆಮೇಲೆ ಯುಪಿಐ ಆ್ಯಪ್ ತೆರೆದು AutoPay ಎಂಬಲ್ಲಿ ಆ ಹೆಸರು ಇನ್ನೂ ಇದ್ದರೆ ಅಲ್ಲಿಂದಲೂ ತೆಗೆ. ಪ್ಲೇಸ್ಟೋರ್ ಮೂಲಕ ದುಡ್ಡು ಕಟ್ಟಿದ್ದರೆ ಅದನ್ನು ರದ್ದು ಮಾಡುವ ಜಾಗ ಪ್ಲೇಸ್ಟೋರ್‌ನ Subscriptions. ಕೊನೆಗೆ ಕ್ಯಾಲೆಂಡರ್‌ನಲ್ಲಿ ಎರಡು ಗುರುತು ಹಾಕು: ಇವತ್ತಿನ ಚೌಕದಲ್ಲಿ ‘ರದ್ದಾಯಿತು’, ಮುಗಿಯುವ ದಿನದ ಚೌಕದಲ್ಲಿ ಆ್ಯಪ್‌ನ ಹೆಸರು. ಆ ದಿನ ಕಳೆದ ಮೇಲೂ ದುಡ್ಡು ಹೋದರೆ ಅದು ತಪ್ಪು ಎಂದು ತಕ್ಷಣ ಗೊತ್ತಾಗುತ್ತದೆ. ರದ್ದು ಮಾಡುವ ದಾರಿಯನ್ನು ಬೇಕೆಂದೇ ಬಚ್ಚಿಡುವುದು, ಸುತ್ತಾಡಿಸುವುದು 2023ರ ನವೆಂಬರ್‌ನಿಂದ ಕೇಂದ್ರದ ಗ್ರಾಹಕ ಸಂರಕ್ಷಣಾ ಮಾರ್ಗಸೂಚಿಯ ಪ್ರಕಾರ ನಿಷಿದ್ಧ. ಅಂಥದ್ದು ಎದುರಾದರೆ ಪರದೆಯ ಫೋಟೋ ತೆಗೆದಿಟ್ಟುಕೊಂಡು 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

ವರ್ಷದ ಪ್ಯಾಕ್‌ಗೂ ಒಂದು ತೊಂದರೆ ಇದೆ, ಬರೀ ಭಾಗಾಕಾರದಲ್ಲಿ ಅದು ಕಾಣುವುದಿಲ್ಲ. ಆಗಿನ 899 ಒಂದೇ ಸಲ ಕೊಡಬೇಕಿತ್ತು. ಜೂನ್‌ನಲ್ಲಿ ಫೀಸು, ಯೂನಿಫಾರ್ಮ್, ನೋಟ್‌ಬುಕ್ ಎಲ್ಲ ಬಂದು ಕೂತಿರುವಾಗ ಆ ಮೊತ್ತ ಕೊಡುವುದು ಕಷ್ಟ. ತಂಗಿಯ ಪ್ಯಾಕ್ ಮುಗಿಯುತ್ತಿದ್ದದ್ದು ಜುಲೈನಲ್ಲಿ, ಅದೊಂದು ಅದೃಷ್ಟ. ಜೂನ್‌ನಲ್ಲೇ ಮುಗಿಯುವವರು ಮಧ್ಯೆ ಒಂದು ಸಲ ಮೂರು ತಿಂಗಳ ಪ್ಯಾಕ್ ಹಾಕಿಸಿಕೊಂಡು ವರ್ಷದ್ದನ್ನು ಸೆಪ್ಟೆಂಬರ್‌ಗೆ ತಳ್ಳಬಹುದು, ಒಂದು ಸಲ ಸ್ವಲ್ಪ ಹೆಚ್ಚು ಹೋದರೂ ಆಮೇಲಿನ ವರ್ಷಗಳು ಹಗುರಾಗುತ್ತವೆ. ಜಾಹೀರಾತು ಮಾತ್ರ ತಪ್ಪುವುದಿಲ್ಲ. ಸೂಪರ್ ಪ್ಯಾಕ್‌ನಲ್ಲಿ ಜಾಹೀರಾತು ಇದೆ, 2025ರ ಜೂನ್‌ನಿಂದ ಪ್ರೈಮ್ ವಿಡಿಯೋದಲ್ಲೂ ಬರುತ್ತಿದೆ. ಅದನ್ನು ತೆಗೆಸಲು ಮತ್ತೆ ದುಡ್ಡು ಕೊಡುವುದು ಈ ಮನೆಯ ಲೆಕ್ಕದಲ್ಲಿ ಕೂರುವುದಿಲ್ಲ.

ದಸರಾ ರಜೆಯಲ್ಲಿ ನೆಟ್‌ಫ್ಲಿಕ್ಸ್ ಬಂತು, ಹೋಯಿತು. ‘ಕಾಂತಾರ: ಚಾಪ್ಟರ್ 1’ ಅಕ್ಟೋಬರ್ 31ಕ್ಕೆ ಪ್ರೈಮ್‌ಗೆ ಬಂದಾಗ ಹಿಂದಿನ ಹಾಳೆಯ ಪಟ್ಟಿಯಲ್ಲಿ ಏಳು ಹೆಸರಿದ್ದವು, ಅದು ಎಂಟನೆಯದಾಯಿತು. ನವೆಂಬರ್ ಮೊದಲ ಶನಿವಾರ 299 ಕಟ್ಟಿ, ಅಲ್ಲೇ ರದ್ದು ಮಾಡಿ, ಆಮೇಲೆ ಸಿನಿಮಾ ಹಾಕಿದರಂತೆ. ಎಂಟರಲ್ಲಿ ಆರು ನೋಡಲಾಯಿತು, ಎರಡು ಉಳಿದವು. ಅವು ಮುಂದಿನ ಪಟ್ಟಿಯ ತಲೆಗೆ ಹೋದವು.

ಸಂಕ್ರಾಂತಿಗೆ ಹೋದಾಗ ಹೊಸ ವರ್ಷದ ಕ್ಯಾಲೆಂಡರ್ ನೇತು ಹಾಕಿತ್ತು. ಜನವರಿಯಿಂದ ಮಾರ್ಚ್‌ವರೆಗೆ ಹಾಲಿನ ಲೆಕ್ಕ ಬಿಟ್ಟರೆ ಬೇರೇನೂ ಇಲ್ಲ. ಏಪ್ರಿಲ್‌ನ ಒಂದು ಚೌಕದಲ್ಲಿ ಮಗನ ಅಕ್ಷರ: ‘ನೆಟ್‌ಫ್ಲಿಕ್ಸ್, 199’. ಜುಲೈ ಹಾಳೆಯ ಮೇಲ್ತುದಿಯಲ್ಲಿ ತಂಗಿಯ ಅಕ್ಷರ: ‘ಹಾಟ್‌ಸ್ಟಾರ್ ಮುಗಿಯುತ್ತೆ. ಹೊಸ ದರ ಕೇಳು, ಮತ್ತೆ ಭಾಗಿಸಿ ನೋಡು.’